ಗರ್ಭಿಣಿಯ ಮಾತ್ರೆಗಳು ಮತ್ತು ಗಡಿಯಾರ

ಗರ್ಭಿಣಿಯರ ಔಷಧಿ ಚೀಟಿಯಲ್ಲಿ ಮಾತ್ರೆಯ ಹೆಸರಿನ ಮುಂದೆ 1-0-1 ಎಂದಷ್ಟೇ ಬರೆದು ಕಳುಹಿಸುವ ಪದ್ಧತಿಯ ಬಗ್ಗೆ ನನಗೆ ಬಹುಕಾಲದಿಂದ ತಕರಾರಿದೆ. ಯಾವ ಮಾತ್ರೆ ಯಾವುದರ ಜೊತೆ ಸೇರಬಾರದು ಎಂಬುದನ್ನು ಆ ಅಂಕಿಗಳು ಹೇಳುವುದಿಲ್ಲ. ಹೀಗಾಗಿ ಅನೇಕರು ರಾತ್ರಿ ಊಟವಾದ ಮೇಲೆ ಎಲ್ಲವನ್ನೂ ಒಟ್ಟಿಗೆ ನುಂಗಿಬಿಡುತ್ತಾರೆ.

ಮೊದಲು ಫೋಲಿಕ್ ಆಮ್ಲದ ವಿಷಯ. ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳವು ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿ, ಪರೀಕ್ಷೆ ಮಾಡಿಸಿ, ವೈದ್ಯರನ್ನು ಕಾಣುವ ಹೊತ್ತಿಗೆ ಆ ಅವಧಿ ಬಹುಪಾಲು ಮುಗಿದಿರುತ್ತದೆ. ಆದ್ದರಿಂದ ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆಯನ್ನು ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮೊದಲೇ ಆರಂಭಿಸಿ ಹನ್ನೆರಡನೆಯ ವಾರದವರೆಗೆ ಮುಂದುವರಿಸಬೇಕು. ಮೆಡಿಕಲ್ ಅಂಗಡಿಯಲ್ಲಿ ಸುಲಭವಾಗಿ ಸಿಗುವ 5 ಮಿಲಿಗ್ರಾಂ ಮಾತ್ರೆ ಇದರ ಹನ್ನೆರಡೂವರೆ ಪಟ್ಟು; ಹಿಂದಿನ ಮಗುವಿಗೆ ನರನಾಳದ ದೋಷವಿದ್ದವರಿಗೆ, ಅಪಸ್ಮಾರದ ಕೆಲವು ಔಷಧಿಗಳನ್ನು ಸೇವಿಸುವವರಿಗೆ ವೈದ್ಯರು ಬರೆದುಕೊಡುವ ಪ್ರಮಾಣ ಅದು.

ನಾಲ್ಕನೆಯ ತಿಂಗಳಿನಿಂದ ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಬರುವುದರಿಂದ ಗೊಂದಲ ಹೆಚ್ಚುತ್ತದೆ. ಸರ್ಕಾರಿ ಕಾರ್ಯಕ್ರಮದ ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತವೆ. ಕ್ಯಾಲ್ಸಿಯಂ ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಹಾಗೂ 250 ಐ.ಯು. ವಿಟಮಿನ್ ಡಿ ಇದ್ದು, ಅದನ್ನು ದಿನಕ್ಕೆ ಎರಡು ಬಾರಿ ಸೇವಿಸಬೇಕು. ಕ್ಯಾಲ್ಸಿಯಂ ಜೊತೆಗಿದ್ದರೆ ಕಬ್ಬಿಣ ಸರಿಯಾಗಿ ಹೀರಿಕೆಯಾಗುವುದಿಲ್ಲವಾದ್ದರಿಂದ ಎರಡರ ನಡುವೆ ಕನಿಷ್ಠ ಎರಡು ಗಂಟೆಯ ಅಂತರ ಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕಾಗುವುದರಿಂದ ಅದನ್ನು ಊಟದೊಂದಿಗೇ ಸೇವಿಸಬೇಕು. ಎರಡು ಹೊತ್ತಿನದನ್ನು ಒಂದೇ ಸಲ ನುಂಗಿದರೂ ಲಾಭವಿಲ್ಲ, ಏಕೆಂದರೆ ಒಮ್ಮೆಗೆ 500 ಮಿಲಿಗ್ರಾಂಗಿಂತ ಹೆಚ್ಚಾದಂತೆ ಹೀರಿಕೆಯ ಪಾಲು ಕುಗ್ಗುತ್ತದೆ.

ಥೈರಾಯ್ಡ್ ಮಾತ್ರೆಯೂ ಇರುವ ಐದು ತಿಂಗಳ ಗರ್ಭಿಣಿಯನ್ನು ಊಹಿಸಿಕೊಳ್ಳಿ. ಥೈರಾಕ್ಸಿನ್‌ಗೂ ಕಬ್ಬಿಣ, ಕ್ಯಾಲ್ಸಿಯಂಗಳಿಗೂ ನಾಲ್ಕು ಗಂಟೆಯ ಅಂತರವಿರಬೇಕು. ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್ ಸೇವಿಸಿದರೆ ಎಂಟಕ್ಕೆ ತಿಂಡಿ ಮತ್ತು ಕಾಫಿ ಆಗಬಹುದು. ಹತ್ತೂವರೆಗೆ ಕಬ್ಬಿಣದ ಮಾತ್ರೆಯನ್ನು ನೀರಿನೊಂದಿಗೆ, ಸಾಧ್ಯವಿದ್ದರೆ ನಿಂಬೆ ಪಾನಕದೊಂದಿಗೆ ತೆಗೆದುಕೊಳ್ಳಲಿ. ಆ ಹೊತ್ತಿಗೆ ಮತ್ತೊಂದು ಲೋಟ ಕಾಫಿ ಮಾತ್ರ ಬೇಡ. ಮಧ್ಯಾಹ್ನ ಒಂದೂವರೆಯ ಊಟದೊಂದಿಗೆ ಒಂದು ಕ್ಯಾಲ್ಸಿಯಂ, ರಾತ್ರಿ ಎಂಟೂವರೆಯ ಊಟದೊಂದಿಗೆ ಇನ್ನೊಂದು. ಇಷ್ಟನ್ನು ಚೀಟಿಯ ಹಿಂಬದಿಯಲ್ಲಿ ಬರೆಯಲು ಒಂದು ನಿಮಿಷ ಸಾಕು.

ವಿಟಮಿನ್ ಡಿ ವಿಷಯದಲ್ಲಿ ನಡೆಯುವ ತಪ್ಪು ಇನ್ನೂ ಅಪಾಯಕಾರಿ. ಕೊರತೆಯಿದ್ದವರಿಗೆ ವಾರಕ್ಕೊಮ್ಮೆ ಎಂದು ಬರೆದ 60,000 ಐ.ಯು. ಪುಡಿಯನ್ನು ಕೆಲವರು ದಿನವೂ ಹಾಲಿಗೆ ಬೆರೆಸಿ ಕುಡಿಯುತ್ತಾರೆ, ಇನ್ನು ಕೆಲವರು ಹೇಳಿದ ವಾರಗಳು ಮುಗಿದರೂ ಹಳೆಯ ಚೀಟಿ ತೋರಿಸಿ ಮತ್ತೆ ಕೊಳ್ಳುತ್ತಾರೆ. ಹೀಗೆ ಮುಂದುವರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ, ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಕಾಣಿಸಿಕೊಳ್ಳಬಹುದು. ಇವೆಲ್ಲವನ್ನೂ ಬಸುರಿನ ಸಹಜ ತೊಂದರೆಗಳೆಂದು ಮನೆಯವರು ಸುಮ್ಮನಿದ್ದುಬಿಡುವ ಸಾಧ್ಯತೆ ಇರುವುದರಿಂದ, ಪುಡಿಯ ಲೆಕ್ಕ ತಪ್ಪಿದೆ ಎಂದು ತಿಳಿದ ಕೂಡಲೇ ಅದನ್ನು ನಿಲ್ಲಿಸಿ, ವೈದ್ಯರಿಗೆ ತಿಳಿಸಿ, ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಬೇಕು.