ಗಣನೀಯ ಪ್ರಮಾಣದ ನಂತರ ಏನಾಯಿತು?

ನಮ್ಮ ಗ್ರಂಥಾಲಯದ ವಾರ್ಷಿಕ ವರದಿಯನ್ನು ಹದಿನಾರು ಸ್ಲೈಡುಗಳಲ್ಲಿ ತುಂಬಿ, ಪ್ರವೇಶದ್ವಾರದ ಬಳಿಯ ಪರದೆಯ ಮೇಲೆ ತನ್ನಷ್ಟಕ್ಕೆ ತಾನೇ ಓಡುವಂತೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ, ನಾನು ಅದನ್ನು ಗಣಿತದ ಮೂಲಕವೇ ಬಗೆಹರಿಸಬಹುದೆಂದು ನಂಬಿದ್ದೆ. ಮಾರ್ಕ್ ಬ್ರಿಸ್‌ಬಾರ್ಟ್ ಎಂಬ ಮನಃಶಾಸ್ತ್ರಜ್ಞರು 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ವಯಸ್ಕರು ಇಂಗ್ಲಿಷಿನ ಮಾಹಿತಿ ಬರಹವನ್ನು ಮೌನವಾಗಿ ಓದುವ ಸರಾಸರಿ ವೇಗ ನಿಮಿಷಕ್ಕೆ 238 ಪದಗಳೆಂದೂ, ಗಟ್ಟಿಯಾಗಿ ಓದಿದರೆ ಅದು 183ಕ್ಕೆ ಇಳಿಯುತ್ತದೆಂದೂ ಲೆಕ್ಕ ಹಾಕಿದ್ದರು. ಎರಡರಲ್ಲಿ ನನಗೆ ಅನುಕೂಲವಾದ ಮೊದಲನೆಯ ಅಂಕಿಯನ್ನು ಆರಿಸಿಕೊಂಡೆ. ಸೆಕೆಂಡಿಗೆ ಹತ್ತಿರಹತ್ತಿರ ನಾಲ್ಕು ಪದವಾದರೆ ಎಂಟು ಸೆಕೆಂಡಿಗೆ ಮೂವತ್ತೆರಡು. ಆದ್ದರಿಂದ ಸ್ಲೈಡಿಗೆ ಮೂವತ್ತು ಪದಗಳ ಮಿತಿ, ಎಂಟು ಸೆಕೆಂಡುಗಳ ಅವಧಿ. ಅಂಕಿಯ ಹಿಂದಿದ್ದ ‘ಇಂಗ್ಲಿಷಿನ’ ಎಂಬ ಪದ ಮಾತ್ರ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಮರುದಿನ ಪ್ರಯೋಗಾರ್ಥವಾಗಿ ಪರದೆಯನ್ನು ಓಡಿಸಿ, ಸಹೋದ್ಯೋಗಿಯೊಬ್ಬರನ್ನು ಅದರ ಮುಂದೆ ನಿಲ್ಲಿಸಿದೆ. ನಾಲ್ಕನೆಯ ಸ್ಲೈಡು ಬಂದು ಹೋದ ಮೇಲೆ ಅವರು ನನ್ನ ಕಡೆ ತಿರುಗಿ, “ಸಾರ್, ‘ಗಣನೀಯ ಪ್ರಮಾಣದ’ ಅಂತ ಇತ್ತಲ್ಲ, ಆಮೇಲೆ ಏನಾಯ್ತು? ಏರಿತೋ ಇಳಿಯಿತೋ?” ಎಂದು ಕೇಳಿದರು. ನಾನೇ ಹೇಳಿಬಿಡಬಹುದಿತ್ತು. ಆದರೆ ಅವರು ಪ್ರಾಮಾಣಿಕರು. ಇಡೀ ಸುತ್ತು ಮುಗಿದು ನಾಲ್ಕನೆಯ ಸ್ಲೈಡು ಮತ್ತೆ ಬರುವವರೆಗೆ, ಅಂದರೆ ಎರಡು ನಿಮಿಷ, ನಿಂತಲ್ಲಿಯೇ ಕಾದು, ಈ ಸಲ ಬಿಟ್ಟಲ್ಲಿಂದ ಓದಲು ಹೊರಟರು. ಆ ಸ್ಥಳವನ್ನು ಹುಡುಕುವಷ್ಟರಲ್ಲಿ ಸ್ಲೈಡು ಮತ್ತೆ ಹೋಯಿತು.

ಅಪರಾಧಿ ಸ್ಲೈಡಿನ ಪಠ್ಯವನ್ನು ಇಲ್ಲಿ ಕೊಡದೆ ವಿಧಿಯಿಲ್ಲ: “ಕಳೆದ ಸಾಲಿನಲ್ಲಿ ಗ್ರಂಥಾಲಯಕ್ಕೆ 1,47,350 ಮಂದಿ ಭೇಟಿ ನೀಡಿದ್ದು, ಹಿಂದಿನ ಸಾಲಿಗೆ ಹೋಲಿಸಿದರೆ ಓದುಗರ ಸಂಖ್ಯೆಯಲ್ಲಿ ಗಣನೀಯ ಪ್ರಮಾಣದ ಏರಿಕೆ ಕಂಡುಬಂದಿರುವುದನ್ನು ತಿಳಿಸಲು ಹರ್ಷಿಸುತ್ತೇವೆ.” ಎಣಿಸಿದರೆ ಹದಿನೆಂಟೇ ಪದ. ನನ್ನ ಮಿತಿಗಿಂತ ಹನ್ನೆರಡು ಪದ ಕಡಿಮೆಯೇ ಇದ್ದರೂ ಎಂಟು ಸೆಕೆಂಡಿನಲ್ಲಿ ಇದು ಏಕೆ ಮುಗಿಯಲಿಲ್ಲವೆಂಬುದನ್ನು ತಿಳಿಯಲು, ಆ ರಾತ್ರಿ ಫೋನಿನ ಸ್ಟಾಪ್‌ವಾಚನ್ನು ಮೇಜಿನ ಮೇಲಿಟ್ಟುಕೊಂಡು ಸ್ಲೈಡುಗಳನ್ನು ಗಟ್ಟಿಯಾಗಿ ಓದಲು ಕುಳಿತೆ.

ಮನಸ್ಸಿನಲ್ಲಿ ಓದಿಕೊಂಡಾಗ ನಾಲ್ಕನೆಯ ಸ್ಲೈಡಿಗೆ ಏಳು ಸೆಕೆಂಡು ಹಿಡಿದಿತ್ತು. ಬಾಯಿ ಬಿಟ್ಟು ಓದಿದಾಗ ಹದಿನೈದಾಯಿತು. ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕಿದಾಗ ಮೊದಲು ಸಿಕ್ಕಿಬಿದ್ದದ್ದು ಆ ಅಂಕಿ. ಮನಸ್ಸಿನಲ್ಲಿ ಓದುವಾಗ ನಾನು ಅದನ್ನು ‘ಏನೋ ಒಂದು ದೊಡ್ಡ ಸಂಖ್ಯೆ’ ಎಂದು ದಾಟಿಕೊಂಡು ಹೋಗಿದ್ದೆ. ನಾಲಗೆಗೆ ಆ ಸೌಲಭ್ಯವಿಲ್ಲ, ಅದು ‘ಒಂದು ಲಕ್ಷ ನಲವತ್ತೇಳು ಸಾವಿರದ ಮುನ್ನೂರ ಐವತ್ತು’ ಎಂದು ಆರು ಪದಗಳನ್ನೂ ಉಚ್ಚರಿಸಲೇಬೇಕು. ಪದ ಎಣಿಸುವ ಯಂತ್ರಕ್ಕೆ ಅದು ಒಂದೇ ಪದ. ಎರಡನೆಯದು ‘ಕಂಡುಬಂದಿರುವುದನ್ನು’. ನಮ್ಮ ಭಾಷೆ ಕ್ರಿಯಾಪದದ ಬಾಲಕ್ಕೆ ಕಾಲವನ್ನೂ ವಿಭಕ್ತಿಯನ್ನೂ ಒಂದರ ಹಿಂದೊಂದು ಕಟ್ಟಿ ಕಳಿಸುವುದರಿಂದ, ಇಂಗ್ಲಿಷಿನವರು ನಾಲ್ಕೈದು ಪದಗಳಲ್ಲಿ ಹರಡುವುದನ್ನು ನಾವು ಒಂದೇ ಗಂಟಿನಲ್ಲಿ ಹೊರುತ್ತೇವೆ. ಹೀಗಾಗಿ ಪದಗಳನ್ನು ಬಿಟ್ಟು ಅಕ್ಷರಗಳನ್ನು ಎಣಿಸಿದೆ. ಅಂಕಿಯನ್ನು ಬಿಡಿಸಿ ಓದಿದರೆ ಒಟ್ಟು ಎಂಬತ್ತೈದು ಅಕ್ಷರ.

ಹದಿನೈದು ಸೆಕೆಂಡು ಎಂದು ಬರೆದುಕೊಳ್ಳುವ ಮುನ್ನ ಖಚಿತಪಡಿಸಿಕೊಳ್ಳಲು ಇನ್ನೆರಡು ಸಲ ಓದಿದೆ. ಎರಡನೆಯ ಸಲ ಹದಿಮೂರು, ಮೂರನೆಯ ಸಲ ಹನ್ನೊಂದು. ನಾನು ಪರಿಶೀಲನೆ ಮಾಡುತ್ತಿದ್ದೇನೆಂದು ಭಾವಿಸಿದ್ದೆ, ವಾಸ್ತವದಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಪರದೆಯ ಮುಂದೆ ಬಂದು ನಿಲ್ಲುವವರು ಅದನ್ನು ಮೊದಲ ಬಾರಿಗೆ ನೋಡುವವರಾದ್ದರಿಂದ ಮೊದಲ ಓದು ಮಾತ್ರ ಲೆಕ್ಕಕ್ಕೆ ಬರುತ್ತದೆ, ಅದೂ ಬರೆದವನ ಓದಲ್ಲ.

ಅಷ್ಟರಲ್ಲಿ ಒಳಗಿನಿಂದ ಹೆಂಡತಿಯ ಧ್ವನಿ ಕೇಳಿತು. “ಯಾರ ಹತ್ರ ಮಾತಾಡ್ತಿದ್ದೀರಿ? ಹರ್ಷಿಸುತ್ತೇವೆ, ಹರ್ಷಿಸುತ್ತೇವೆ ಅಂತ ಮೂರು ಸಲ ಹೇಳಿದ್ರಿ. ಅಷ್ಟೊಂದು ಹರ್ಷ ಯಾಕೆ?”

ಬೇರೆಯವರ ಓದು ಬೇಕಾಗಿದ್ದ ಹೊತ್ತಿಗೇ ಬೇರೆಯವರು ದೊರೆತಿದ್ದರು. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಗಡಿಯಾರದ ಸುದ್ದಿ ಎತ್ತದೆ ಓದಲು ಹೇಳಿದೆ. ಸಮಯ ಅಳೆಯುತ್ತಿರುವುದು ತಿಳಿದರೆ ಯಾರಾದರೂ ಓಟದ ಪಂದ್ಯಕ್ಕೆ ನಿಂತವರಂತೆ ಓದುತ್ತಾರೆ. ಅವಳು ಅಂಕಿಯ ಬಳಿ ನಿಂತು, ಅಲ್ಪವಿರಾಮಗಳನ್ನು ಎಣಿಸಿ, ಲಕ್ಷವೋ ಹತ್ತು ಲಕ್ಷವೋ ಎಂದು ನಿರ್ಧರಿಸಿ ಮುಂದೆ ಹೋದಳು. ‘ಕಂಡುಬಂದಿರು’ ಎಂದು ಒಮ್ಮೆ ನಿಂತು, ಉಸಿರೆಳೆದುಕೊಂಡು, ‘ವುದನ್ನು’ ಎಂದಳು. ಹದಿನೇಳು ಸೆಕೆಂಡು. ನಂತರ ನನ್ನನ್ನು ನೋಡಿ, “ಜನ ಜಾಸ್ತಿ ಬಂದ್ರು ಅಂತ ತಾನೇ?” ಎಂದಳು.

ಆ ತಡೆದ ಎರಡು ಜಾಗಗಳೇ ನನಗೆ ಸ್ಟಾಪ್‌ವಾಚಿಗಿಂತ ಹೆಚ್ಚು ತಿಳಿಸಿದವು, ಏಕೆಂದರೆ ಗಟ್ಟಿಯಾಗಿ ಓದುವವರು ಎಡವಿದಲ್ಲೇ ಮೌನವಾಗಿ ಓದುವವರ ಕಣ್ಣೂ ಹಿಂದಕ್ಕೆ ಹೋಗಿ ಮತ್ತೆ ಓದುತ್ತದೆ. ಅವಳ ಗತಿ ಸೆಕೆಂಡಿಗೆ ಐದು ಅಕ್ಷರ. ಪರದೆಯತ್ತ ಕಣ್ಣು ತಿರುಗಿಸಿ ಸಾಲಿನ ಆರಂಭ ಹುಡುಕಲು ಎರಡು ಸೆಕೆಂಡು ಬಿಟ್ಟುಕೊಟ್ಟರೆ, ಎಂಟರಲ್ಲಿ ಉಳಿಯುವುದು ಆರು. ಆರು ಸೆಕೆಂಡಿಗೆ ಮೂವತ್ತು ಅಕ್ಷರ. ನಾನು ಮೂವತ್ತು ಎಂದದ್ದು ಸರಿಯೇ ಇತ್ತು, ಪದಗಳೆಂದು ತಿಳಿದದ್ದಷ್ಟೇ ತಪ್ಪು. ನಾಲ್ಕನೆಯ ಸ್ಲೈಡು ಹೀಗಾಯಿತು: “ಕಳೆದ ಸಾಲಿನ ಓದುಗರು ಸುಮಾರು ಒಂದೂವರೆ ಲಕ್ಷ. ಹಿಂದಿನ ಸಾಲಿಗಿಂತ ಹೆಚ್ಚು.” ಒಂಬತ್ತು ಪದ, ಇಪ್ಪತ್ತೆಂಟು ಅಕ್ಷರ. ಹರ್ಷಕ್ಕೆ ಸ್ಥಳವಿರಲಿಲ್ಲ.

ಈ ವಿಧಾನ ಸೋತದ್ದು ಒಂದೇ ಕಡೆ, ಸಿಬ್ಬಂದಿಯ ಸಾಮೂಹಿಕ ಛಾಯಾಚಿತ್ರವಿದ್ದ ಸ್ಲೈಡಿನಲ್ಲಿ. ಅದರ ಶೀರ್ಷಿಕೆಯನ್ನು ಎರಡು ಸೆಕೆಂಡಿನಲ್ಲಿ ಓದಿ ಮುಗಿಸಬಹುದು. ಆದರೆ ಚಿತ್ರದಲ್ಲಿರುವ ಪ್ರತಿಯೊಬ್ಬರೂ ಮೊದಲು ತಮ್ಮನ್ನು ಹುಡುಕಿ, ತಾವು ಕಣ್ಣು ಮುಚ್ಚಿರುವುದನ್ನು ಕಂಡು ನೊಂದುಕೊಳ್ಳುವ ಸಮಯವನ್ನು ಯಾವ ಗಟ್ಟಿ ಓದೂ ಅಳೆಯದು. ಅದಕ್ಕೆ ಅಂದಾಜಿನ ಮೇಲೆ ಇಪ್ಪತ್ತು ಸೆಕೆಂಡು ಕೊಟ್ಟೆ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಪ್ರತಿ ಸ್ಲೈಡಿನ `After` ಪೆಟ್ಟಿಗೆಯಲ್ಲಿ ಅವಧಿಯನ್ನು ಕೈಯಾರೆ ಬರೆಯುವ ಬದಲು, ಪವರ್‌ಪಾಯಿಂಟಿನ `Rehearse Timings` ಒತ್ತಿ, ಗಟ್ಟಿಯಾಗಿ ಓದುತ್ತ ಸ್ಲೈಡುಗಳನ್ನು ಸರಿಸಿದರೆ ಅದೇ ಅವಧಿಗಳನ್ನು ಬರೆದುಕೊಳ್ಳುತ್ತದೆ ಎಂಬುದು ನೆನಪಾಯಿತು. ಓದುತ್ತಾ ಹೋದೆ. ನಾಲ್ಕನೆಯ ಸ್ಲೈಡಿನಲ್ಲಿದ್ದಾಗ ಫೋನು ಬಂತು. ಮಾತು ಮುಗಿಸಿ ಬಂದು ಮುಂದಿನದನ್ನು ಒತ್ತಿದೆ. ಕೊನೆಯಲ್ಲಿ ಅವಧಿಗಳನ್ನು ಉಳಿಸಬೇಕೇ ಎಂದು ಕೇಳಿದಾಗ, ಒಟ್ಟು ಸಮಯ ಎಷ್ಟೆಂದು ನೋಡದೆ ಹೌದೆಂದೆ. ವಿರಾಮದ ಗುಂಡಿಯನ್ನು ಒತ್ತದಿದ್ದರೆ ಗಡಿಯಾರ ನಮ್ಮ ಫೋನು ಮುಗಿಯುವವರೆಗೂ ಓಡುತ್ತಲೇ ಇರುತ್ತದೆ.

ಸಮಾರಂಭದ ದಿನ ಮೂರು ಸ್ಲೈಡುಗಳು ಸೊಗಸಾಗಿ ಸರಿದವು. ನಾಲ್ಕನೆಯದು ಬಂದು ನಿಂತಿತು, ನಿಂತೇ ಇತ್ತು. ಮೂರು ನಿಮಿಷ ನಲವತ್ತು ಸೆಕೆಂಡು. ಯಂತ್ರ ಕೆಟ್ಟಿದೆಯೆಂದು ಒಬ್ಬರು ಪರದೆಯ ಹಿಂದಿನ ತಂತಿಗಳನ್ನು ಅಲುಗಾಡಿಸಿದರು. ಉಳಿದವರು ಬೇರೆ ಕೆಲಸವಿಲ್ಲದೆ ಅದನ್ನು ಓದಿದರು, ಮತ್ತೆ ಓದಿದರು. ಅದೇ ಸಹೋದ್ಯೋಗಿ ನನ್ನ ಬಳಿ ಬಂದು, ಬಹಳ ಸೌಜನ್ಯದಿಂದ, “ಈಗ ಪೂರ್ತಿ ಓದಕ್ಕಾಯ್ತು ಸಾರ್. ‘ಹೆಚ್ಚು’ ಅನ್ನೋದರಲ್ಲಿ ಒಂದು ಒತ್ತು ಬಿಟ್ಟುಹೋಗಿದೆ” ಎಂದರು.