ಸತ್ಯಾಂಶ: ಅರ್ಧ ಕಂತು, ಎರಡು ಬಾರಿ

“ತಿಂಗಳ ಕಂತನ್ನು ಎರಡು ಭಾಗ ಮಾಡಿ ಹದಿನೈದು ದಿನಕ್ಕೊಮ್ಮೆ ಕಟ್ಟಿದರೆ ಸಾಲ ನಾಲ್ಕು ವರ್ಷ ಮೊದಲೇ ತೀರುತ್ತದಂತೆ, ನಿಜವೇ?”

ಇಲ್ಲ, ಉಳಿಯುವುದು ಸುಮಾರು ಒಂದು ತಿಂಗಳಷ್ಟೇ. ಶೇ. 9 ಬಡ್ಡಿಗೆ 20 ವರ್ಷದ 10 ಲಕ್ಷದ ಸಾಲಕ್ಕೆ ಮಾಸಿಕ ಕಂತು ಸುಮಾರು 8,997 ಆಗುತ್ತದೆ. ಅದರ ಅರ್ಧವಾದ 4,498 ಅನ್ನು ಹದಿನೈದು ದಿನ ಮೊದಲೇ ಕಟ್ಟಿದರೆ, ಅಷ್ಟು ಮೊತ್ತದ ಮೇಲಿನ ಅರ್ಧ ತಿಂಗಳ ಬಡ್ಡಿ, ಅಂದರೆ ಸುಮಾರು 17, ಆ ತಿಂಗಳು ಉಳಿಯುತ್ತದೆ. ಹೀಗೆ ಉಳಿದ ಹಣ ಅಸಲನ್ನು ಇಳಿಸಿ ಮುಂದೆ ಉಳಿಸುವ ಬಡ್ಡಿಯನ್ನೂ ಸೇರಿಸಿ ಇಡೀ ಅವಧಿಗೆ ಲೆಕ್ಕ ಹಾಕಿದರೂ ಉಳಿತಾಯ ಸುಮಾರು 11,000 ಮಾತ್ರ. ಒಟ್ಟು ಬಡ್ಡಿಯೋ 11.59 ಲಕ್ಷ.

ಹಾಗಾದರೆ ‘ನಾಲ್ಕು ವರ್ಷ’ ಬಂದದ್ದೆಲ್ಲಿಂದ? ತಿಂಗಳಿಗೆರಡು ಬಾರಿ ಎಂದರೆ ವರ್ಷಕ್ಕೆ 24 ಅರ್ಧ ಕಂತುಗಳು. ಎರಡು ವಾರಕ್ಕೊಮ್ಮೆ ಎಂದರೆ 26. ಈ ಎರಡನೆಯ ಕ್ರಮದಲ್ಲಿ ಗೊತ್ತಾಗದಂತೆಯೇ ವರ್ಷಕ್ಕೊಂದು ಪೂರ್ಣ ಕಂತು ಹೆಚ್ಚುವರಿಯಾಗಿ ಸಂದಾಯವಾಗುವುದರಿಂದ, ಇದೇ ಸಾಲ ಸುಮಾರು 16 ವರ್ಷ 4 ತಿಂಗಳಲ್ಲಿ ತೀರಿ, ಸುಮಾರು ಎರಡೂವರೆ ಲಕ್ಷ ಬಡ್ಡಿ ಉಳಿಯುತ್ತದೆ. ಕೆಲಸ ಮಾಡುವುದು ಹೆಚ್ಚುವರಿ ಹಣವೇ ಹೊರತು ಕಂತನ್ನು ಒಡೆಯುವ ಜಾಣತನವಲ್ಲ. ಮಾಸಿಕ ಕಂತನ್ನು ಹನ್ನೆರಡನೇ ಒಂದು ಭಾಗದಷ್ಟು ಹೆಚ್ಚಿಸಿಕೊಂಡವರಿಗೂ ಬಹುತೇಕ ಇದೇ ಫಲ ಸಿಗುತ್ತದೆ.

ಇನ್ನೊಂದು ತೊಡಕಿದೆ. ಕೆಲವು ಸಾಲದಾತರು ಮೊದಲ ಅರ್ಧವನ್ನು ಗಡುವಿನ ದಿನದವರೆಗೆ ಬದಿಗಿಟ್ಟುಕೊಂಡು, ಆಮೇಲಷ್ಟೇ ಸಾಲಕ್ಕೆ ಜಮಾ ಮಾಡುತ್ತಾರೆ. ಸಾಲದ ಖಾತೆಯ ವಿವರಪಟ್ಟಿಯಲ್ಲಿ ತಿಂಗಳ ನಡುವಿನ ಪಾವತಿಯ ದಿನವೇ ಬಾಕಿ ಅಸಲು ಇಳಿಯದಿದ್ದರೆ, ಆ ಹದಿನೇಳೂ ಉಳಿಯುವುದಿಲ್ಲ.