ಹತ್ತು ಸಾವಿರದ ಬಾಲ ಒಂಬೈನೂರು

ಬ್ಯಾಂಕಿಗೆಂದು ನಾನು ಬರೆದ ಇಮೇಲ್ ಓದಿ ಹೆಂಡತಿ ಕೇಳಿದಳು: "ಎಟಿಎಂ ಬಾಗಿಲಲ್ಲಿ ನಾಯಿ ಮಲಗಿತ್ತು ಅಂತ ಇವರಿಗ್ಯಾಕ್ರೀ?"

ನಾಯಿ ಮಲಗಿದ್ದು ನಿಜ. ಒಳಗೆ ಯಂತ್ರ ಗರಗರ ಅಂದು, ನೋಟು ಕೊಡದೆ "ಕ್ಷಮಿಸಿ" ಎಂದು ಚೀಟಿ ಉಗಿದದ್ದೂ ನಿಜ. ಹಣ ಕಡಿತವಾಯಿತೆಂಬ ಮೆಸೇಜು ಮಾತ್ರ ನಾನು ನಾಯಿ ದಾಟುವ ಮೊದಲೇ ಬಂತು. ಎಟಿಎಂ ಬೇರೆ ಬ್ಯಾಂಕಿನದು. ಅಲ್ಲಿ ಜಗಳಕ್ಕೆ ಹೋದರೆ, "ಕಾರ್ಡು ಕೊಟ್ಟವರನ್ನೇ ಕೇಳಿ ಸಾರ್" ಅಂದರು. ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸರಿ. ದೂರು ಹೋಗಬೇಕಾದದ್ದು ನಮ್ಮ ಬ್ಯಾಂಕಿಗೇ.

ಹೈಸ್ಕೂಲು ಟೀಚರಾದ ಅವಳು ನನ್ನ ಎರಡು ಪುಟದ ಆಕ್ರೋಶವನ್ನು ಹೊಡೆದುಹಾಕಿ ಉಳಿಸಿದ್ದು ಇಷ್ಟು:

"ಖಾತೆಯ ಕೊನೆಯ ನಾಲ್ಕು ಅಂಕಿ ಹೀಗಿದೆ. ಮಾರ್ಚ್ 3, ಸಂಜೆ 6.42ಕ್ಕೆ ₹10,000 ಕಡಿತವಾಗಿದೆ, ನೋಟು ಬಂದಿಲ್ಲ. ಎಟಿಎಂ ಐಡಿ, ವಹಿವಾಟಿನ 12 ಅಂಕಿಯ ಗುರುತು ಸಂಖ್ಯೆಯಾದ ಆರ್‌ಆರ್‌ಎನ್ ಕೆಳಗಿವೆ. ಚೀಟಿಯ ಫೋಟೊ ಲಗತ್ತಿಸಿದೆ. ಹಣ ಮರಳಿಸಿ, ದೂರಿನ ನಂಬರು ಕೊಡಿ."

"ಇದ್ರಲ್ಲಿ ನನ್ನ ನೋವು ಎಲ್ಲಿದೆ?" ಅಂದೆ. "ಆರ್‌ಆರ್‌ಎನ್‌ನಲ್ಲಿದೆ" ಅಂದಳು. ಆ ನಂಬರಿದ್ದರೆ ಎರಡೂ ಬ್ಯಾಂಕಿನವರು ಒಂದೇ ವಹಿವಾಟನ್ನು ಹಿಡಿದು ನೋಡಬಹುದಂತೆ.

ಉತ್ತರ ಬಂತು: "ನಮ್ಮ ದಾಖಲೆ ಪ್ರಕಾರ ವಹಿವಾಟು ಯಶಸ್ವಿ." ಮತ್ತೆ ಬರೆದೆವು: ಹಾಗಾದರೆ ಯಂತ್ರ ಪ್ರತಿ ವಹಿವಾಟನ್ನೂ ಬರೆದಿಡುವ ಜರ್ನಲ್ ದಾಖಲೆ, ಆ ದಿನ ಅದರಲ್ಲಿ ಹೆಚ್ಚುಳಿದ ನಗದಿನ ಲೆಕ್ಕ, ಸಿಸಿಟಿವಿ ಎಲ್ಲ ನೋಡಿ ಹೇಳಿ. ನೋಟು ಹೊರಬರದಿದ್ದರೆ ಯಂತ್ರದ ಲೆಕ್ಕದಲ್ಲಿ ಅಷ್ಟು ಹೆಚ್ಚಿಗೆ ಸಿಗಲೇಬೇಕಲ್ಲ! ಮಾರ್ಚ್ 17ಕ್ಕೆ ಹತ್ತು ಸಾವಿರ ಖಾತೆಗೆ ಬಂದು ಬಿತ್ತು.

ಮನೆಯಲ್ಲಿ ಎಲ್ಲರೂ "ಬಂತಲ್ಲ, ಬಿಡಿ" ಅಂದರು. ಬಿಡುವವನು ನಾನಲ್ಲ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಪ್ರಕಾರ, ಇಂಥ ಹಣ ವಹಿವಾಟಿನ ದಿನದಿಂದ ಐದು ದಿನದೊಳಗೆ ವಾಪಸಾಗಬೇಕು. ಆಮೇಲಿನ ಪ್ರತಿ ದಿನಕ್ಕೂ ₹100 ಪರಿಹಾರ. ಅದನ್ನು ಗ್ರಾಹಕ ಕೇಳಬೇಕೆಂದೂ ಇಲ್ಲ, ಬ್ಯಾಂಕೇ ಹಾಕಬೇಕು. ಗಡುವು ಮುಗಿದದ್ದು ಮಾರ್ಚ್ 8ಕ್ಕೆ, ಹಣ ಬಂದದ್ದು 17ಕ್ಕೆ. ಒಂಬತ್ತು ದಿನ, ಒಂಬೈನೂರು ರೂಪಾಯಿ. ಈ ಸಲದ ಮೇಲ್‌ನಲ್ಲಿ ಸುತ್ತೋಲೆಯ ತಾರೀಖು, ಈ ಲೆಕ್ಕ, ಕೊನೆಗೊಂದು ಸಾಲು: ದೂರು ಕೊಟ್ಟು 30 ದಿನವಾದರೂ ಇತ್ಯರ್ಥವಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಮೂಲಕ ಹೋಗುತ್ತೇನೆ.

ಅಧಿಕಾರಿಯೊಬ್ಬರು ಫೋನ್ ಮಾಡಿದರು. "ಸಾರ್, ಹತ್ತು ಸಾವಿರ ಬಂದಿದೆಯಲ್ಲ?"

"ಬಂದಿದೆ ಸಾರ್. ಅದರ ಬಾಲ ಬಂದಿಲ್ಲ."

ಆ ಕಡೆ ಕೀಬೋರ್ಡು ಕುಟ್ಟುವ ಸದ್ದು. "ಸುತ್ತೋಲೆ ಯಾವ ತಾರೀಖು ಅಂದ್ರಿ?"

ಬಾಲವೂ ಬಂತು. ಕರಡು ತಿದ್ದಿದ ಫೀಸು ಅಂತ ಹೆಂಡತಿ ಅದನ್ನು ಯುಪಿಐಯಲ್ಲಿ ತನ್ನ ಖಾತೆಗೆ ಹಾಕಿಸಿಕೊಂಡಳು. ಆ ವಹಿವಾಟು ಮಾತ್ರ ಮೊದಲ ಸಲಕ್ಕೇ ಯಶಸ್ವಿ.